ಬೋರ್‌ವೆಲ್ ನೀರಿಗೆ ಪುಡಿಯೋ, ಲಿಕ್ವಿಡ್ಡೋ?

ಪ್ರಶ್ನೆ: ಬೋರ್‌ವೆಲ್ ನೀರು, ಫ್ರಂಟ್ ಲೋಡ್ ಮೆಷಿನ್. ಪುಡಿ ಹಾಕಿದರೆ ಕಪ್ಪು ಬಟ್ಟೆ ಮೇಲೆ ಬಿಳಿ ಕಲೆ ಉಳಿಯುತ್ತೆ. ಏನು ಬಳಸಲಿ?

ಫ್ರಂಟ್ ಲೋಡ್‌ಗೆಂದೇ ಬರುವ ಲಿಕ್ವಿಡ್ ಬಳಸಿ. ಪುಡಿಯಲ್ಲಿ ವಾಷಿಂಗ್ ಸೋಡಾ ಹೆಚ್ಚು. ಅದು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದಂತೆ ಬಟ್ಟೆ ಮೇಲೆ ಕೂರುತ್ತದೆ. ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಅಷ್ಟು ಸೋಡಾ ಇರುವುದಿಲ್ಲ.

ಆದರೆ ಮೊದಲು ಕಲೆಯಾದ ಜಾಗವನ್ನು ಬಿಸಿನೀರಲ್ಲಿ ಅದ್ದಿ ನೋಡಿ. ಹೋದರೆ ಅದು ಕರಗದೆ ಉಳಿದ ಪುಡಿಯಷ್ಟೇ. ಪುಡಿ ಕಡಿಮೆ ಮಾಡಿ, 40 ಡಿಗ್ರಿಯಲ್ಲಿ ಒಗೆಯಿರಿ. ವಿನೆಗರ್ ಹಾಕಿದರೆ ಮಾತ್ರ ಹೋಗುತ್ತದೆ ಎಂದರೆ ಸುಣ್ಣ.

ಮಣ್ಣು ಮೆತ್ತಿದ ಬಿಳಿ ಹತ್ತಿ ಬಟ್ಟೆಗೆ ಪುಡಿಯೇ ವಾಸಿ. ಕಾಲರಿಗೆ ಬಾರ್ ಸೋಪು ಉಜ್ಜಿದರೆ ಜಾಲಿಸಿಯೇ ಮೆಷಿನ್‌ಗೆ ಹಾಕಿ, ಇಲ್ಲವಾದರೆ ನೊರೆ ಉಕ್ಕುತ್ತದೆ. ರೇಷ್ಮೆ, ಉಣ್ಣೆಗೆ ಸೋಡಾ ಆಗಿಬರದು. ಅವಕ್ಕೆ ಬೇರೆಯೇ ಲಿಕ್ವಿಡ್ ಸಿಗುತ್ತದೆ.