ನೀರು ನಿಲ್ಲುವ ಹೊಲವೇ ನಕ್ಷೆಯಲ್ಲಿ ಖಾಲಿ ಬಂದರೆ

ಪ್ರಶ್ನೆ: ಸ್ಲೋಪ್ ಮತ್ತು ಫ್ಲೋ ಅಕ್ಯುಮುಲೇಶನ್ ಹಾಕಿ ತೇವ ಸೂಚ್ಯಂಕ (TWI) ಲೆಕ್ಕ ಹಾಕಿದೆ. ನೀರು ನಿಲ್ಲೋ ಹೊಲಗಳೇ ಬಿಳಿ ತೇಪೆಗಳಾಗಿ ಖಾಲಿ ಬರ್ತಿವೆ. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಸ್ಲೋಪ್ ಯಾವ ಅಳತೆಯಲ್ಲಿದೆ ನೋಡಿ. ಅದು ಡಿಗ್ರಿಯಲ್ಲಿದ್ದು, ನೀವು ಹಾಗೇ `tan` ಒಳಗೆ ಹಾಕಿದ್ದರೆ ಕಾರಣ ಬಹುಪಾಲು ಅದೇ. QGISನ ರಾಸ್ಟರ್ ಕ್ಯಾಲ್ಕುಲೇಟರಿಗೆ ರೇಡಿಯನ್ ಬೇಕು. 2 ಡಿಗ್ರಿಯನ್ನು ಅದು 2 ರೇಡಿಯನ್ ಅಂತ ಓದುತ್ತದೆ, ಆಗ `tan` ಮೈನಸ್ ಬರುತ್ತದೆ. ಮೈನಸ್ ಸಂಖ್ಯೆಗೆ ಲಾಗ್ ಇಲ್ಲ, ಹಾಗಾಗಿ ಪಿಕ್ಸೆಲ್ ಖಾಲಿ. ಸುಮಾರು 1.57ರಿಂದ 3.14 ಡಿಗ್ರಿವರೆಗಿನ ಇಳಿಜಾರೆಲ್ಲ ಹೀಗೇ ಮಾಯವಾಗುತ್ತದೆ. ನೀರು ನಿಲ್ಲುವ ಹೊಲಗಳು ಎಷ್ಟೋ ಸಲ ಇಷ್ಟೇ ಇಳಿಜಾರಿನವು, ಅಲ್ವಾ?

ಇದಕ್ಕಿಂತ ಅಪಾಯ 4 ಡಿಗ್ರಿಯ ಪಿಕ್ಸೆಲ್. ಅದು ಖಾಲಿ ಬರುವುದಿಲ್ಲ, ತಪ್ಪು ಉತ್ತರ ಕೊಟ್ಟು ಸುಮ್ನೆ ಇರುತ್ತದೆ. 30 ಮೀಟರ್ ಪಿಕ್ಸೆಲ್, ಮೇಲಿನಿಂದ 199 ಪಿಕ್ಸೆಲ್‌ಗಳ ನೀರು ಬರುತ್ತಿದೆ ಅಂದುಕೊಳ್ಳಿ. ತನ್ನನ್ನೂ ಸೇರಿಸಿ 200, ಅದನ್ನು 30ರಿಂದ ಗುಣಿಸಿದರೆ 6000. `tan` 4 ಡಿಗ್ರಿ ಅಂದರೆ 0.07, 6000ವನ್ನು ಅದರಿಂದ ಭಾಗಿಸಿ `ln` ತೆಗೆದರೆ ಸೂಚ್ಯಂಕ ಸುಮಾರು 11.4. ರೇಡಿಯನ್ ಮಾಡದಿದ್ದರೆ 8.6 ಬರುತ್ತದೆ. ನೋಡಿದರೆ ಅನುಮಾನವೇ ಬರಲ್ಲ.

ಇನ್ನೊಂದು ಕಾರಣ ಪೂರ್ತಿ ಸಮತಟ್ಟಾದ ಜಾಗ. ಅಲ್ಲಿ ಸ್ಲೋಪ್ ಸೊನ್ನೆ, ಸೊನ್ನೆಯಿಂದ ಭಾಗಿಸಲು ಆಗದು. ಅದಕ್ಕೆ `tan` 0.001ಕ್ಕಿಂತ ಕೆಳಗೆ ಹೋಗದಂತೆ ತಡೆಯಿರಿ:

```
ln(("acc@1" + 1) * 30 / max(tan("slope@1" * 0.0174533), 0.001))
```

ಇಲ್ಲಿನ `+ 1` ಎಲ್ಲರಿಗೂ ಬೇಡ. ಅಕ್ಯುಮುಲೇಶನ್ ಲೇಯರಿನ ಕನಿಷ್ಠ ಸಂಖ್ಯೆ 0 ಇದ್ದರೆ ಸೇರಿಸಿ. 1 ಇದ್ದರೆ ಬೇಡ, ಪಿಕ್ಸೆಲ್ ತನ್ನನ್ನು ಆಗಲೇ ಎಣಿಸಿಕೊಂಡಿದೆ. 900 ಇದ್ದರೆ ಅದು ಚದರ ಮೀಟರಿನಲ್ಲಿರುವ ವಿಸ್ತೀರ್ಣ, ಬರೀ 30ರಿಂದ ಭಾಗಿಸಿ.

ಅಕ್ಯುಮುಲೇಶನ್‌ಗೆ ಮುಂಚೆ ಡಿಇಎಂನ ಗುಂಡಿಗಳನ್ನು ತುಂಬಿಸಲೇಬೇಕು, ಇಲ್ಲದಿದ್ದರೆ ಹರಿವು ಅಲ್ಲೇ ನಿಂತುಬಿಡುತ್ತದೆ. ಸ್ಲೋಪನ್ನು ಮಾತ್ರ ತುಂಬಿಸದ ಮೂಲ ಡಿಇಎಂನಿಂದ ತೆಗೆಯಿರಿ. ಆಮೇಲೆ ತುಂಬಿಸಿದ್ದರಿಂದ ಮೂಲವನ್ನು ಕಳೆಯಿರಿ. ಎಲ್ಲಿ ಎಷ್ಟು ಆಳ ತುಂಬಿದೆ ಅಂತ ಕಾಣುತ್ತದೆ. ಅದರಲ್ಲಿ ಒಂದಷ್ಟು ಡಿಇಎಂ ದೋಷ ಇರಬಹುದು, ಆದರೆ ನಿಜವಾದ ತಗ್ಗು ಹೊಲಗಳೂ ಅಲ್ಲೇ ಸಿಗುತ್ತವೆ. ಈ ಲೇಯರನ್ನು ಸೂಚ್ಯಂಕದ ಪಕ್ಕದಲ್ಲಿಟ್ಟು ನೋಡುವುದು ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಎಷ್ಟು ಬಂದರೆ ಜೌಗು? ಎಲ್ಲ ಕಡೆಗೂ ಒಪ್ಪುವ ಸಂಖ್ಯೆ ಇಲ್ಲ. ಪಿಕ್ಸೆಲ್ ಗಾತ್ರ ಬದಲಾದರೆ ಬೆಲೆಯೂ ಬದಲಾಗುತ್ತದೆ. ಜೋರು ಮಳೆಯಾದ ಎರಡು ದಿನದ ನಂತರ ನೀರು ನಿಂತ ಹೊಲ, ಒಣಗಿದ ಹೊಲ ಎರಡನ್ನೂ ಗುರುತು ಹಾಕಿ, ಅವುಗಳ ಬೆಲೆ ಹೋಲಿಸಿ ಗಡಿ ಇಟ್ಟುಕೊಳ್ಳಿ. ಬೆಲೆ ಜಾಸ್ತಿ ಇದ್ದೂ ಒಣಗಿದ ಹೊಲ ಸಿಕ್ಕರೆ ಅಲ್ಲಿ ಮಣ್ಣು ಮರಳೇ, ಬಸಿಗಾಲುವೆ ಇದೆಯೇ ನೋಡಿ. ಸೂಚ್ಯಂಕಕ್ಕೆ ಎರಡೂ ಗೊತ್ತಿರುವುದಿಲ್ಲ.