ಹತ್ತೂವರೆ ಯೂನಿಟ್ ಎಲ್ಲಿ ಹೋಯಿತು: ಒಂದು ಸೋಲಾರ್ ಲೇಖನಕ್ಕೆ ಸಂಪಾದಕರ ಉತ್ತರ

"ನಮ್ಮ ಹಟ್ಟಿಯ ಮಾಡಿನ ಮೇಲೆ 5 ಕಿಲೋವ್ಯಾಟ್ ಸೋಲಾರ್ ಇದೆ. ಏಪ್ರಿಲಿನಲ್ಲಿ ದಿನಕ್ಕೆ 6 ಗಂಟೆ ಬಿಸಿಲು, ಅಂದರೆ 30 ಯೂನಿಟ್ ಬರಬೇಕು. ಬಂದದ್ದು ಸರಾಸರಿ 19.5. ಈ ವಂಚನೆಯ ಬಗ್ಗೆ ಬರೆದ ಲೇಖನದ ಜೊತೆ ದಿನವಾರು ಪಟ್ಟಿ, ಇನ್ವರ್ಟರಿನ ಗ್ರಾಫು ಇಟ್ಟಿದ್ದೇನೆ. ಪ್ರಕಟಣೆಗೆ ಆದೀತೇ?" (ನೀರ್ಚಾಲಿನಿಂದ ಒಬ್ಬರು)

ಈಗಿರುವ ರೂಪದಲ್ಲಿ ಆಗದು. ಲೇಖನಕ್ಕಿಂತ ನೀವು ಲಗತ್ತಿಸಿದ ಪಟ್ಟಿ ಮತ್ತು ಗ್ರಾಫೇ ಹೆಚ್ಚು ಹೇಳುತ್ತಿವೆ. ಸೂರ್ಯದೇವನ ಮಹಿಮೆಯ ಮೊದಲ ಎರಡು ಪ್ಯಾರಾ ಹೊಡೆದುಹಾಕಿ. "ವಂಚನೆ" ಎಂಬ ಶೀರ್ಷಿಕೆಯನ್ನೂ ತೆಗೆಯಿರಿ. ಕಡಿಮೆಯಾದ ಹತ್ತೂವರೆ ಯೂನಿಟ್ಟಿನಲ್ಲಿ ಸುಮಾರು ಏಳು ಯೂನಿಟ್ ಯಾವ ಪ್ಲಾಂಟಿನಲ್ಲೂ ಸಿಗುವಂಥದ್ದಲ್ಲ. ಉಳಿದ ಮೂರೂವರೆ ನಿಜಕ್ಕೂ ನಷ್ಟ. ನಿಮ್ಮ ಲೇಖನದ ವಿಷಯ ಅದು.

ಮೊದಲು ಆ "6 ಗಂಟೆ"ಯನ್ನು ಸರಿಪಡಿಸೋಣ. ಅದು ಗಡಿಯಾರದ ಲೆಕ್ಕವಲ್ಲ. ಇಡೀ ದಿನದಲ್ಲಿ ಒಂದು ಚದರ ಮೀಟರಿಗೆ ಬಿದ್ದ ಬಿಸಿಲಿನ ಶಕ್ತಿ 6 ಯೂನಿಟ್ ಎಂದರ್ಥ. 1000 ವ್ಯಾಟಿನ ಪೂರ್ಣ ಬಿಸಿಲು ಆರು ಗಂಟೆ ಹೊಡೆದರೆ ಎಷ್ಟೋ ಅಷ್ಟು. ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ 500 ವ್ಯಾಟ್ ಎಂಬ ಅಂಕಿಯೂ ಅದೇ 1000 ವ್ಯಾಟ್ ಬೆಳಕಿನಲ್ಲಿ ಅಳೆದದ್ದು, ಆದರೆ ಒಳಗಿನ ಸೆಲ್ಲು 25 ಡಿಗ್ರಿಯಲ್ಲಿ ಇದ್ದಾಗ. ಏಪ್ರಿಲಿನ ಮಧ್ಯಾಹ್ನ ನೀರ್ಚಾಲಿನಲ್ಲಿ 25 ಡಿಗ್ರಿ ಬೇಕಾದರೆ ಪ್ಯಾನೆಲ್ಲನ್ನು ಬಾವಿಗೆ ಇಳಿಸಬೇಕಾದೀತು.

ಗಾಳಿ 33 ಡಿಗ್ರಿ ಇದ್ದರೆ ಬಿಸಿಲಿಗೆ ಮೈಯೊಡ್ಡಿದ ಸೆಲ್ಲು 60 ದಾಟುತ್ತದೆ. ಈಗಿನ ಸಾಮಾನ್ಯ ಪ್ಯಾನೆಲ್ಲು 25ರ ಮೇಲಿನ ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 0.35 ಕಳೆದುಕೊಳ್ಳುತ್ತದೆ, ನಿಖರ ಅಂಕಿ ಅದರ ಡೇಟಾಶೀಟಿನಲ್ಲಿ ಇರುತ್ತದೆ. 62 ಡಿಗ್ರಿಗೆ ಲೆಕ್ಕ ಹಾಕಿದರೆ 37 ಡಿಗ್ರಿ ಹೆಚ್ಚು, ಶೇಕಡಾ 13 ಹೋಯಿತು. ಬೆಳಗ್ಗೆ ಸಂಜೆ ಸೆಲ್ಲು ತಂಪಾಗಿರುವುದರಿಂದ ದಿನದ ಸರಾಸರಿ ಶೇಕಡಾ 11 ಎಂದು ಹಿಡಿಯಬಹುದು. ತಗಡಿನ ಮಾಡಿಗೂ ಪ್ಯಾನೆಲ್ಲಿಗೂ ನಡುವೆ ಗಾಳಿ ಓಡದಂತೆ ತಾಗಿಸಿ ಕೂರಿಸಿದ್ದರೆ ಇನ್ನೂ ಹೆಚ್ಚು. ನಿಮ್ಮಲ್ಲಿ ಎಷ್ಟು ಅಂತರ ಇದೆ, ಅಳೆದು ಬರೆಯಿರಿ.

ಉಳಿದವು ಸಣ್ಣವು, ಆದರೆ ಒಂದರ ಮೇಲೊಂದು ಗುಣಿಸುತ್ತ ಹೋಗುತ್ತವೆ. ಕೆಂಪು ಧೂಳು, ಹಕ್ಕಿ ಹಿಕ್ಕೆಗೆ ಶೇಕಡಾ 3. ಓರೆ ಬಿಸಿಲು ಗಾಜಿನಿಂದ ಪ್ರತಿಫಲಿಸಿ ಹೋಗುವುದಕ್ಕೆ ಮತ್ತು ಮಂದ ಬೆಳಕಿಗೆ 3. ಪ್ಯಾನೆಲ್ಲುಗಳು ಒಂದಕ್ಕೊಂದು ಸರಿಹೊಂದದ್ದಕ್ಕೆ, ಹಳತಾದದ್ದಕ್ಕೆ 3. ಡಿಸಿ ವಯರಿನಲ್ಲಿ 1.5, ಇನ್ವರ್ಟರಿನಲ್ಲಿ 3, ಎಸಿ ವಯರಿನಲ್ಲಿ 1. ಇವನ್ನು ಕೂಡಿಸಬೇಡಿ, ಉಳಿದ ಪಾಲುಗಳನ್ನು ಗುಣಿಸಿ:

```
0.89 × 0.97 × 0.97 × 0.97 × 0.985 × 0.97 × 0.99 = 0.77
30 × 0.77 = 23 ಯೂನಿಟ್
```

ಈ 0.77ನ್ನೇ ಪರ್ಫಾರ್ಮೆನ್ಸ್ ರೇಷಿಯೋ ಎನ್ನುತ್ತಾರೆ. ಬಂದ ಯೂನಿಟ್ಟನ್ನು, ಕಿಲೋವ್ಯಾಟ್ ಮತ್ತು ಬಿಸಿಲಿನ ಗುಣಲಬ್ಧದಿಂದ ಭಾಗಿಸಿದರೆ ಸಿಗುವ ಅಂಕಿ. ನಿಮ್ಮ ಏಪ್ರಿಲ್ ತಿಂಗಳದ್ದು 585 ಯೂನಿಟ್, 30 ದಿನದ ಬಿಸಿಲು 180; 585ನ್ನು 5 × 180ರಿಂದ, ಅಂದರೆ 900ರಿಂದ ಭಾಗಿಸಿದರೆ 0.65. ಬಿಸಿಲಿನ ಅಂಕಿಯನ್ನು ಉಪಗ್ರಹದ ದತ್ತಾಂಶದಿಂದ ತೆಗೆದುಕೊಂಡಿದ್ದೀರಿ. ಅದರಲ್ಲಿ ಶೇಕಡಾ ನಾಲ್ಕೈದು ಹೆಚ್ಚುಕಡಿಮೆ ಇರಬಹುದು, ಹಾಗಾಗಿ 0.77ಕ್ಕೂ 0.74ಕ್ಕೂ ಜಗಳವಾಡಬೇಡಿ. ಆದರೆ 0.65 ಅದರಲ್ಲಿ ಮುಚ್ಚಿಹೋಗುವ ವ್ಯತ್ಯಾಸವಲ್ಲ. (585 ಸೋಲಾರ್ ಮೀಟರಿನದ್ದೇ ಎಂದು ಖಚಿತಪಡಿಸಿ. ನೆಟ್ ಮೀಟರಿನ ಎಕ್ಸ್‌ಪೋರ್ಟ್ ಆಗಿದ್ದರೆ ಹಗಲು ಮನೆಯಲ್ಲೇ ಉರಿದ ಕರೆಂಟು ಅದರಲ್ಲಿ ಇರುವುದಿಲ್ಲ, ಇಡೀ ಲೆಕ್ಕ ಕೆಡುತ್ತದೆ.)

ಇನ್ನು ಗ್ರಾಫು. ತೆಂಗಿನ ಮಡಲಿನ ನೆರಳು ಬಿದ್ದಿದ್ದರೆ ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಒಂದು ಹಳ್ಳ ಕಾಣಬೇಕು. ಮೋಡವಾದರೆ ಗೆರೆ ಗರಗಸದಂತೆ ಏರಿಳಿಯುತ್ತದೆ, ಆದರೆ ಸೊನ್ನೆ ಮುಟ್ಟುವುದಿಲ್ಲ. ನಿಮ್ಮದರಲ್ಲಿ ಹನ್ನೊಂದೂವರೆಯಿಂದ ಎರಡರ ನಡುವೆ ಗೆರೆ ನೇರ ಕೆಳಗೆ ಬಿದ್ದು ಸೊನ್ನೆಯಲ್ಲಿ ಕೂತು, ಕೆಲವು ನಿಮಿಷದಲ್ಲಿ ಮತ್ತೆ ಎದ್ದು, ಮತ್ತೆ ಬಿದ್ದಿದೆ. ಇದು ಪ್ಯಾನೆಲ್ಲಿನ ಸಮಸ್ಯೆಯಲ್ಲ, ಇನ್ವರ್ಟರು ಗ್ರಿಡ್ ವೋಲ್ಟೇಜು ನೋಡಿ ಕೈಬಿಡುತ್ತಿರುವ ಲಕ್ಷಣ. 230 ವೋಲ್ಟಿನ ಶೇಕಡಾ 110, ಅಂದರೆ 253 ದಾಟಿದರೆ ಅದು ಎರಡು ಸೆಕೆಂಡಿನೊಳಗೆ ಕಡಿದುಕೊಳ್ಳಬೇಕು. ವೋಲ್ಟೇಜು ಸರಿಯಾದ ಮೇಲೆ ಕನಿಷ್ಠ 60 ಸೆಕೆಂಡು ಕಾಯಬೇಕು. ನಿಯಮವೇ ಹಾಗಿದೆ. ಕರೆಂಟು ಹೋದಾಗಲೂ ಗೆರೆ ಹೀಗೆಯೇ ಬೀಳುತ್ತದೆ, ಆದ್ದರಿಂದ ಇನ್ವರ್ಟರಿನ ಈವೆಂಟ್ ಲಾಗ್ ತೆರೆದು `Grid Overvoltage` ಎಂಬಂಥ ಸಾಲು ಎಷ್ಟು ಬಾರಿ, ಎಷ್ಟು ಹೊತ್ತಿಗೆ ಬಂದಿದೆ ಎಂದು ಬರೆದುಕೊಳ್ಳಿ.

ನಿಮ್ಮ ಪಟ್ಟಿಯಲ್ಲೇ ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಬೇಸಿಗೆ ಮಳೆ ಬಂದ ಮರುದಿನಗಳ ಎದುರು "ಒಳ್ಳೆ ಬಿಸಿಲು" ಎಂದು ಬರೆದಿದ್ದೀರಿ, ಯೂನಿಟ್ ಮಾತ್ರ 16, 17. ಪ್ಯಾನೆಲ್ಲು ತೊಳೆದು ಸ್ವಚ್ಛವಾದ ದಿನವೇ ಕಡಿಮೆ ಏಕೆ? ಮಳೆ ಬಂದ ಮೇಲೆ ಸುತ್ತಲಿನ ಅಡಿಕೆ ತೋಟಗಳಲ್ಲಿ ಪಂಪು ಓಡಲಿಲ್ಲ. ಲೋಡು ಇಲ್ಲದ ಲೈನಿನಲ್ಲಿ ವೋಲ್ಟೇಜು ಏರಿತು. ಎಲ್ಲರೂ ನೀರು ಬಿಡುವ ದಿನಗಳಲ್ಲಿ ನಿಮಗೆ 22, 23 ಬಂದಿದೆ. ಪ್ಲಾಂಟು ಸರಿಯಾಗಿದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಲೈನಿನ ಮೇಲೆ ಮಾತ್ರ ತಪ್ಪು ಹೊರಿಸುವಂತಿಲ್ಲ. ಹಟ್ಟಿಯಿಂದ ಮನೆಯ ಮೀಟರಿಗೆ 60 ಮೀಟರ್, 4 ಚದರ ಮಿಲಿಮೀಟರಿನ ತಾಮ್ರದ ವಯರು ಎಂದು ಬರೆದಿದ್ದೀರಿ. ಹೋಗಿ ಬರುವ 120 ಮೀಟರಿಗೆ ಅದರ ರೋಧ ಸುಮಾರು 0.55 ಓಮ್. ಮಧ್ಯಾಹ್ನ 4.2 ಕಿಲೋವ್ಯಾಟ್ ಹರಿದರೆ 17.5 ಆಂಪಿಯರ್, ಹತ್ತಿರ ಹತ್ತಿರ 10 ವೋಲ್ಟಿನ ಏರಿಕೆ. ಮೀಟರಿನ ಬಳಿ 245 ಇದ್ದಾಗ ಇನ್ವರ್ಟರಿಗೆ ಕಾಣುವುದು 255, ಅದು ಬಿಟ್ಟುಬಿಡುತ್ತದೆ. 10 ಚದರ ಮಿಲಿಮೀಟರಿನ ವಯರಾದರೆ ಏರಿಕೆ 4 ವೋಲ್ಟು, 249ಕ್ಕೆ ನಿಲ್ಲುತ್ತದೆ, ಓಡುತ್ತದೆ. ನಾನು ಮೇಲೆ ಎಸಿ ವಯರಿಗೆ ಹಿಡಿದ ಶೇಕಡಾ 1 ಕೂಡ ದಪ್ಪ ವಯರಿನ ಲೆಕ್ಕ. ನಿಮ್ಮ ತೆಳು ವಯರು ಮಧ್ಯಾಹ್ನ ಶೇಕಡಾ 4ರಷ್ಟು ಬಿಸಿಯಾಗಿಯೇ ಕಳೆಯುತ್ತದೆ. ಮಧ್ಯಾಹ್ನ ಮೀಟರಿನ ಬಳಿಯೂ ಇನ್ವರ್ಟರಿನ ಬಳಿಯೂ ಒಂದೇ ಹೊತ್ತಿಗೆ ವೋಲ್ಟೇಜು ಅಳೆಯಿರಿ. ಮೀಟರಿನ ಬಳಿಯೇ 253 ದಾಟಿದರೆ ವಯರು ಬದಲಿಸಿ ಪ್ರಯೋಜನವಿಲ್ಲ, ಆ ರೀಡಿಂಗ್ ಹಿಡಿದು ಸೆಕ್ಷನ್ ಆಫೀಸಿಗೆ ಹೋಗಿ ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ಹೊಂದಿಸುವ ಟ್ಯಾಪ್ ನೋಡಲು ಹೇಳಬೇಕು. ಇನ್ವರ್ಟರಿನ ಮಿತಿಯನ್ನೇ 265ಕ್ಕೆ ಏರಿಸಿಕೊಡುವವರು ಸಿಗುತ್ತಾರೆ. ಬೇಡ. ನಿಯಮಕ್ಕೆ ವಿರುದ್ಧ, ಆ ವೋಲ್ಟೇಜು ನಿಮ್ಮ ಮನೆಯ ಫ್ರಿಜ್ಜಿಗೂ ಹೋಗುತ್ತದೆ.

"ಮಳೆಗಾಲದಲ್ಲಿ ಪ್ಲಾಂಟಿನ ಸಾಮರ್ಥ್ಯ ಅರ್ಧಕ್ಕಿಳಿಯುತ್ತದೆ" ಎಂಬ ವಾಕ್ಯವನ್ನೂ ತೆಗೆಯಿರಿ. ಅರ್ಧಕ್ಕಿಳಿಯುವುದು ಬಿಸಿಲು. ಜುಲೈಯಲ್ಲಿ 3.4 ಯೂನಿಟ್ ಬಿಸಿಲಿಗೆ ನಿಮಗೆ ದಿನಕ್ಕೆ 13.9 ಬಂದಿದೆ: 17ಕ್ಕೆ 13.9, ಅಂದರೆ 0.82. ಸೆಲ್ಲು ತಂಪು, ಗಾಜು ಸ್ವಚ್ಛ, ವಯರಿನಲ್ಲಿ ಆಂಪಿಯರ್ ಕಡಿಮೆ. ಯೂನಿಟ್ ಕಡಿಮೆ ಬಂದ ತಿಂಗಳಲ್ಲೇ ಪ್ಲಾಂಟು ಚೆನ್ನಾಗಿ ದುಡಿದಿದೆ.

ಮರಳಿ ಕಳಿಸುವಾಗ ಏಪ್ರಿಲಿನ ಎರಡು ದಿನಗಳ ಗ್ರಾಫು ಅಕ್ಕಪಕ್ಕ ಇಡಿ, ಪಂಪು ಓಡಿದ ದಿನದ್ದು ಒಂದು, ಓಡದ ದಿನದ್ದು ಒಂದು. ಜೊತೆಗೆ ಈವೆಂಟ್ ಲಾಗಿನ ಫೋಟೋ, ಎರಡು ಕಡೆಯ ವೋಲ್ಟೇಜು. ಲೇಖನ ಆ ಎರಡು ಗ್ರಾಫಿನಿಂದಲೇ ಶುರುವಾಗಲಿ. ಪ್ಲಾಂಟು ಕೂರಿಸಿದ ಕಂಪನಿಯ ಹೆಸರು ಬೇಡ. ವಯರಿನ ದಪ್ಪ ಯಾರು ತೀರ್ಮಾನಿಸಿದ್ದು ಎಂಬುದನ್ನು ಕೊಟೇಶನ್ ನೋಡಿ ಒಂದು ಸಾಲಿನಲ್ಲಿ ಬರೆದರೆ ಸಾಕು.