ಎಕ್ಸ್‌ರೇ ಸರಿ ಇದ್ದರೂ ಮಾಯದ ಹುಣ್ಣು

"ಅಪ್ಪಂಗೆ ಶುಗರ್. ಕಾಲಿನ ಹೆಬ್ಬೆರಳ ಕೆಳಗಿನ ಹುಣ್ಣು ಆರು ವಾರವಾದ್ರೂ ಮಾಯ್ತಿಲ್ಲ, ಬೆರಳು ಊದಿದೆ. ಎಕ್ಸ್‌ರೇ ನಾರ್ಮಲ್. ಆಗ್ಮೆಂಟಿನ್ ಮುಂದುವರಿಸ್ಲಾ?"

ಸೋಂಕು ಮೂಳೆಗೆ ಇಳಿದಿರುವ ಸಾಧ್ಯತೆಯೇ ಹೆಚ್ಚು. ಮೂಳೆ ಸವೆದದ್ದು ಎಕ್ಸ್‌ರೇಯಲ್ಲಿ ಕಾಣಲು ಎರಡು ಮೂರು ವಾರ ಬೇಕು, ಹಾಗಾಗಿ ಹಳೆಯ ಫಿಲ್ಮ್ ನಂಬಬೇಡಿ.

ಮೊದಲು ಸರ್ಜನ್ ಹತ್ತಿರ ಹೋಗಿ. ಅವರು ಹುಣ್ಣಿನೊಳಗೆ ಲೋಹದ ಕಡ್ಡಿ ಇಳಿಸಿದಾಗ ಕಲ್ಲಿಗೆ ತಾಗಿದಂತೆ ಗಟ್ಟಿ ಸಿಕ್ಕರೆ ಅದು ಮೂಳೆ. ಜೊತೆಗೆ ರಕ್ತಪರೀಕ್ಷೆಯಲ್ಲಿ ಇಎಸ್‌ಆರ್ 70 ದಾಟಿದ್ದರೆ ಅನುಮಾನ ಬಲವಾಗುತ್ತದೆ. ಆಗಲೂ ಗೊಂದಲವಿದ್ದರೆ ಎಂಆರ್‌ಐ. ಪಾದದ ನಾಡಿಯನ್ನೂ ನೋಡಿಸಿ, ರಕ್ತ ಹರಿಯದಿದ್ದರೆ ಔಷಧ ಅಲ್ಲಿಗೆ ತಲುಪುವುದಿಲ್ಲ.

ಯಾವ ಕ್ರಿಮಿ ಎಂದು ತಿಳಿಯುವ ಕಲ್ಚರ್‌ಗೆ ಮೂಳೆಯ ಚೂರೇ ಬೇಕು. ಹತ್ತಿಯಲ್ಲಿ ಒರೆಸಿದರೆ ಮೇಲೆ ಕೂತ ಕ್ರಿಮಿಗಳೇ ಬರುತ್ತವೆ. ಸಾಮಾನ್ಯವಾಗಿ ಸಿಗುವುದು ಸ್ಟ್ಯಾಫಿಲೋಕಾಕಸ್ ಆರಿಯಸ್. ನಮ್ಮಲ್ಲಿ ಸ್ಯೂಡೋಮೊನಾಸ್ ಕೂಡ ಕಡಿಮೆಯೇನಲ್ಲ, ಅದಕ್ಕೆ ಆಗ್ಮೆಂಟಿನ್ ನಾಟುವುದಿಲ್ಲ. ಮೂಳೆ ತೆಗೆಯದಿದ್ದರೆ ಸುಮಾರು ಆರು ವಾರ ಔಷಧ ಬೇಕಾಗುತ್ತದೆ.

ಜ್ವರ, ಕಪ್ಪು ಚರ್ಮ, ಮೇಲಕ್ಕೇರುವ ಕೆಂಪು ಕಂಡರೆ ಅಂದೇ ಆಸ್ಪತ್ರೆಗೆ ಸೇರಿಸಿ.